ಪ್ರೋಗ್ರಾಂ ಫೋಲ್ಡರನ್ನು ಸುಮ್ನೆ ಕಾಪಿ ಮಾಡಬೇಡಿ

ವಿಂಡೋಸ್‌ನಲ್ಲಿ ಪ್ರೋಗ್ರಾಂ ಬೇರೆ ಡ್ರೈವ್‌ನಲ್ಲಿ ಬೇಕಿದ್ದರೆ ಫೋಲ್ಡರ್ ಕಾಪಿ ಮಾಡುವ ಬದಲು ಇನ್‌ಸ್ಟಾಲ್ ಮಾಡದೆಯೇ ಓಡುವ ಅದರ ಪೋರ್ಟಬಲ್ ಆವೃತ್ತಿ ಇಳಿಸಿಕೊಳ್ಳಿ. ಅದು ಸಿಗದಿದ್ದರೆ ಆ ಡ್ರೈವ್‌ಗೇ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಇನ್‌ಸ್ಟಾಲ್ ಆಗುವಾಗ ಎಲ್ಲವೂ ಒಂದೇ ಫೋಲ್ಡರ್‌ನಲ್ಲಿ ಕೂರುವುದಿಲ್ಲ. `C:\Program Files` ಎಂದು ಶುರುವಾಗುವ ಪೂರ್ತಿ ವಿಳಾಸ ವಿಂಡೋಸ್ ತನ್ನ ಮಾಹಿತಿ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತದೆ, ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಬಳಕೆದಾರರ `%APPDATA%` ಫೋಲ್ಡರ್ ಒಳಗಿರುತ್ತವೆ. ಹಳೆಯ ಫೋಲ್ಡರ್ ಇರುವ ತನಕ ಕಾಪಿಯೂ ಓಡಬಹುದು, ಅದನ್ನೇ ನಂಬಿ ಹಳೆಯದನ್ನು ಅಳಿಸಿದಾಗ ಕೈಕೊಡುತ್ತದೆ. ಪೋರ್ಟಬಲ್ ಪ್ರೋಗ್ರಾಂ ತನ್ನ ಫೈಲುಗಳನ್ನು ತಾನಿರುವ ಜಾಗದಿಂದಲೇ ಹುಡುಕುತ್ತದೆ. ಸೆಟ್ಟಿಂಗ್ ಕೂಡ ಪಕ್ಕದ `.ini` ಥರದ ಫೈಲಿನಲ್ಲೇ ಇರುತ್ತದೆ. ಅದು ನಿಜಕ್ಕೂ ಹಾಗಿದೆಯಾ ತಿಳಿಯಲು ಒಂದು ಸೆಟ್ಟಿಂಗ್ ಬದಲಿಸಿ, ಪ್ರೋಗ್ರಾಂ ಮುಚ್ಚಿ, ಆ ಫೈಲು ಕೊನೆಯದಾಗಿ ತಿದ್ದಲ್ಪಟ್ಟ ಸಮಯ ಬದಲಾಯಿತಾ ನೋಡಿ. ಬದಲಾಗದಿದ್ದರೆ ಅದು ಬೇರೆಲ್ಲೋ ಬರೆಯುತ್ತಿದೆ ಅಂತಲೇ ಅನುಮಾನಿಸಿ. ಆಂಟಿವೈರಸ್, ಪ್ರಿಂಟರ್ ಸಾಫ್ಟ್‌ವೇರ್‌ನಂತಹ ಡ್ರೈವರ್ ಬೇಕಾದವಕ್ಕೆ ಈ ಉಪಾಯ ನಡೆಯುವುದಿಲ್ಲ. ಪೋರ್ಟಬಲ್ ಪ್ರೋಗ್ರಾಂ ಅನ್ನು `Program Files` ಒಳಗೂ ಇಡಬೇಡಿ, ಅಲ್ಲಿ ಅದಕ್ಕೆ ಬರೆಯುವ ಅನುಮತಿ ಇರುವುದಿಲ್ಲ.