ರೆಟ್ರೋ ರೆಕಾರ್ಡಿಂಗ್: ಮಾತಿನಿಂದ ಟಿಕೆಟ್‌ವರೆಗೆ

ಎರಡು ವಾರದ ಸ್ಪ್ರಿಂಟ್, ಏಳು ಜನರ ತಂಡ, ಒಂದು ಗಂಟೆಯೊಳಗಿನ ರೆಟ್ರೋ. ಇದರ ರೆಕಾರ್ಡಿಂಗ್ ಕೇಳಿ ಒಂದು ಪುಟದ ಟಿಪ್ಪಣಿ ಮಾಡುವ ಕೆಲಸ ನನ್ನದು. ಆ ಪುಟದಲ್ಲಿ ಮೂರು ಭಾಗ: ಚೆನ್ನಾಗಿ ನಡೆದದ್ದು, ಕಾಡಿದ್ದು, ಒಪ್ಪಿಕೊಂಡ ಬದಲಾವಣೆ. ಮೊದಲೆರಡು ಭಾಗ ಸುಲಭ, ಜಾರಿಬೀಳುವುದು ಮೂರನೆಯದರಲ್ಲಿ.

ಮೀಟಿಂಗ್ ಟೂಲ್ ಕೊಡುವ `.vtt` ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳುತ್ತೇನೆ, ಆದರೆ ಅದನ್ನು ಬಳಸುವುದು ಜಾಗ ಹುಡುಕಲು ಮಾತ್ರ. ಕ್ಯಾಪ್ಷನ್ ಭಾಷೆ ಇಂಗ್ಲಿಷ್ ಇಟ್ಟು, ಮಾತು ಅರ್ಧ ಕನ್ನಡದಲ್ಲಿ ನಡೆದರೆ ಆ ಸಾಲುಗಳಿಗೆ ತಲೆಬುಡ ಇರುವುದಿಲ್ಲ. ‘ಮಾಡಬಹುದು, ಆದ್ರೆ ಈ ಸ್ಪ್ರಿಂಟಲ್ಲಿ ಆಗಲ್ಲ’ ಎಂಬಂಥ ಮಾತಿನಲ್ಲಿ ಕೊನೆಯ ‘ಆಗಲ್ಲ’ ದನಿ ಇಳಿದು ಕಳೆದುಹೋದರೆ ಅರ್ಥವೇ ತಿರುಗಿಬೀಳುತ್ತದೆ. ಹಾಗಾಗಿ ಆಡಿಯೋವನ್ನು ಒಂದೂವರೆ ಪಟ್ಟು ವೇಗದಲ್ಲಿ ಪೂರ್ತಿ ಕೇಳುತ್ತೇನೆ. ಹೇಳಿದ್ದೇನು, ಎಷ್ಟನೇ ನಿಮಿಷ ಎಂದಷ್ಟೇ ಬರೆದುಕೊಳ್ಳುತ್ತೇನೆ. ಹೆಸರು ಬೇಡ, ‘ಟೆಸ್ಟಿಂಗ್ ಕಡೆಯಿಂದ’ ಅಂದರೆ ಸಾಕು. ಈ ಸುತ್ತಿನಲ್ಲಿ ವಿಂಗಡಣೆಗೆ ಕೈ ಹಾಕುವುದಿಲ್ಲ. ಮೊದಲೇ ಮೂರು ಡಬ್ಬಿ ಇಟ್ಟುಕೊಂಡು ಕೇಳಿದರೆ, 10ನೇ ನಿಮಿಷದ ಹೊಗಳಿಕೆಗೂ 40ನೇ ನಿಮಿಷದ ದೂರಿಗೂ ಇರುವ ನಂಟು ಕಾಣುವುದೇ ಇಲ್ಲ.

ಒಂದು ಮಾದರಿ ನೋಡಿ. 9ನೇ ನಿಮಿಷದಲ್ಲಿ: ‘ಗುರುವಾರ ರಾತ್ರಿ ಎಲ್ಲರೂ ಕೂತು ರಿಲೀಸ್ ಮುಗಿಸಿದ್ರು, ಸೂಪರ್.’ 23ರಲ್ಲಿ ಟೆಸ್ಟಿಂಗ್ ಕಡೆಯಿಂದ: ‘ಬಿಲ್ಡ್ ನಮ್ಮ ಕೈಗೆ ಸಿಕ್ಕಿದ್ದೇ ಬುಧವಾರ ಸಂಜೆ.’ 31ರಲ್ಲಿ: ‘ಪಿಆರ್ ಹಾಕಿ ಎರಡು ದಿನ ಆದ್ರೂ ಯಾರೂ ನೋಡಲ್ಲ.’ 38ರಲ್ಲಿ ಇನ್ನೊಬ್ಬರು ನಗುತ್ತಾ: ‘900 ಲೈನ್ ಇದ್ರೆ ಯಾರು ಓಪನ್ ಮಾಡ್ತಾರೆ?’

ಬೇರೆ ಬೇರೆ ಬರೆದರೆ ಇದು ಒಂದು ಖುಷಿ, ಮೂರು ದೂರು. ಹಿಂದಿನಿಂದ ಓದಿದರೆ ಒಂದೇ ಸರಪಳಿ: ಪಿಆರ್ ದೊಡ್ಡದು, ಅದಕ್ಕೇ ರಿವ್ಯೂ ತಡ, ಅದರಿಂದ ಟೆಸ್ಟಿಂಗ್ ತಡ, ಕೊನೆಗೆ ರಾತ್ರಿ ಜಾಗರಣೆ. ‘ಚೆನ್ನಾಗಿ ನಡೆದದ್ದು’ ಭಾಗದಲ್ಲಿ ಯಾರಾದರೂ ರಾತ್ರಿಯೆಲ್ಲ ಕೂತ ಕಥೆ ಬಂದರೆ ನನಗೆ ಅನುಮಾನವೇ. ಒಬ್ಬರಿಗೊಬ್ಬರು ನೆರವಾದದ್ದನ್ನು ಮೊದಲ ಭಾಗದಲ್ಲಿ ಉಳಿಸುತ್ತೇನೆ, ಜಾಗರಣೆಯನ್ನು ಎರಡನೆಯದಕ್ಕೆ ತಳ್ಳುತ್ತೇನೆ.

‘ಎರಡು ದಿನ’ ಎಂಬುದು ಬೇಸರದಲ್ಲಿ ಬಂದ ಮಾತೂ ಇರಬಹುದು. ಆ ಸ್ಪ್ರಿಂಟ್‌ನ ಪಿಆರ್‌ಗಳನ್ನು ತೆರೆದು, ಹಾಕಿದ ಸಮಯಕ್ಕೂ ಮೊದಲ ರಿವ್ಯೂ ಕಾಮೆಂಟಿಗೂ ಎಷ್ಟು ಅಂತರ ಎಂದು ನೋಡುತ್ತೇನೆ. ಚಿಕ್ಕವು ಅದೇ ದಿನ ಮುಗಿದು, ದೊಡ್ಡವು ಮಾತ್ರ ಕಾದಿದ್ದರೆ ಸರಪಳಿ ಗಟ್ಟಿ. ಎಲ್ಲವೂ ಒಂದೇ ಸಮ ಕಾದಿದ್ದರೆ ಗಾತ್ರದ ಮೇಲೆ ತಪ್ಪು ಹೊರಿಸುವಂತಿಲ್ಲ, ರಿವ್ಯೂಗೆ ಯಾರಿಗೂ ಸಮಯವೇ ಇಲ್ಲ ಎಂದು ಅರ್ಥ. ಮದ್ದು ಬೇರೆಯಾಗುತ್ತದೆ.

ಇನ್ನು ಒಪ್ಪಂದ. 44ನೇ ನಿಮಿಷದಲ್ಲಿ ‘ಪಿಆರ್‌ಗೆ 300 ಲೈನ್ ಮಿತಿ ಹಾಕೋಣ’ ಅನ್ನುತ್ತಾರೆ. ಇಬ್ಬರು ಹೂಂಗುಟ್ಟುತ್ತಾರೆ, ಲೀಡ್ ‘ನೋಡೋಣ’ ಅನ್ನುತ್ತಾರೆ, ಮಾತು ಬೇರೆ ಕಡೆ ಹೊರಳುತ್ತದೆ. ನಮ್ಮಲ್ಲಿ ‘ನೋಡೋಣ’ ಅಂದರೆ ಹೆಚ್ಚುಕಡಿಮೆ ಬೇಡ ಅಂತಲೇ. ಇದು ಸಲಹೆ, ಒಪ್ಪಂದವಲ್ಲ. 49ರಲ್ಲಿ: ‘ಸ್ಟ್ಯಾಂಡಪ್ ಆದ್ಮೇಲೆ ಅರ್ಧ ಗಂಟೆ ರಿವ್ಯೂಗೆ ಅಂತ ಇಡೋಣ.’ ‘ಸರಿ, ಸೋಮವಾರದಿಂದ ಕ್ಯಾಲೆಂಡರಲ್ಲಿ ನಾನೇ ಹಾಕ್ತೀನಿ.’ ಯಾರೂ ಅಡ್ಡ ಹೇಳುವುದಿಲ್ಲ. ಇದು ಒಪ್ಪಂದ. ಏನು, ಯಾರು, ಯಾವಾಗಿನಿಂದ ಮೂರೂ ಅವರ ಬಾಯಲ್ಲೇ ಬಂದಿರಬೇಕು. ಒಂದು ಕಮ್ಮಿಯಾದರೂ ನಾನು ತುಂಬಿಸುವುದಿಲ್ಲ, ‘ತೀರ್ಮಾನವಾಗದ್ದು’ ಎಂದು ಕೆಳಗೆ ಬರೆಯುತ್ತೇನೆ. ಟಿಪ್ಪಣಿ ಬರೆಯುವವರು ಒಳ್ಳೆಯ ಮನಸ್ಸಿನಿಂದ ಹೆಸರು ಸೇರಿಸಿದರೆ, ಆ ಹೆಸರಿನವರು ಟಿಕೆಟ್ ಮುಟ್ಟುವುದೇ ಇಲ್ಲ.

ಟಿಕೆಟ್ ಹೀಗಿರುತ್ತದೆ:

```
ಕೆಲಸ: ಸ್ಟ್ಯಾಂಡಪ್ ನಂತರ 30 ನಿಮಿಷ ಪಿಆರ್ ರಿವ್ಯೂ
ಹೊಣೆ: ಬ್ಯಾಕೆಂಡ್ ಡೆವಲಪರ್ (ತಾವೇ ಒಪ್ಪಿದ್ದು, 49:10)
ಶುರು: ಸೋಮವಾರ
ಗುರುತು: ಮೊದಲ ಕಾಮೆಂಟ್ ಒಂದು ಕೆಲಸದ ದಿನದೊಳಗೆ
```

‘ಗುರುತು’ ಸಾಲು ಮಾತ್ರ ನನ್ನ ಸೇರ್ಪಡೆ. ಅದನ್ನು ತಂಡಕ್ಕೆ ತೋರಿಸಿ, ಒಪ್ಪಿದರೆ ಮಾತ್ರ ಇಡುತ್ತೇನೆ. 2017ರ ಸ್ಕ್ರಮ್ ಗೈಡ್ ಕನಿಷ್ಠ ಒಂದು ಸುಧಾರಣೆ ಸ್ಪ್ರಿಂಟ್ ಬ್ಯಾಕ್‌ಲಾಗ್‌ಗೆ ಸೇರಲೇಬೇಕು ಎಂದಿತ್ತು, 2020ರದ್ದು ಸೇರಿಸಬಹುದು ಎಂದು ಸಡಿಲಿಸಿತು. ನಾನು ಹಳೆಯದನ್ನೇ ಹಿಡಿದಿದ್ದೇನೆ: ಬ್ಯಾಕ್‌ಲಾಗ್‌ನಲ್ಲಿ ಇಲ್ಲದ ಸುಧಾರಣೆಗೆ ಯಾರೂ ಸಮಯ ಎತ್ತಿಡುವುದಿಲ್ಲ. ಆದರೆ ಎರಡಕ್ಕಿಂತ ಹೆಚ್ಚು ಹಾಕುವುದಿಲ್ಲ.

ಪುಟವನ್ನು ಅದೇ ದಿನ ತಂಡದ ಚಾನೆಲ್‌ಗೆ ಹಾಕಿ, ತಿದ್ದಲು ಮರುದಿನ ಸಂಜೆವರೆಗೆ ಬಿಡುತ್ತೇನೆ. ಆಮೇಲೆ ರೆಕಾರ್ಡಿಂಗ್ ಮತ್ತು ಟ್ರಾನ್ಸ್‌ಕ್ರಿಪ್ಟ್ ಎರಡನ್ನೂ ಅಳಿಸುತ್ತೇನೆ. ಇದನ್ನು ರೆಕಾರ್ಡ್ ಒತ್ತುವ ಮುನ್ನವೇ ಹೇಳಿ ಒಪ್ಪಿಗೆ ಪಡೆದಿರಬೇಕು. ಮ್ಯಾನೇಜರ್ ಕೈಗೆ ಆಡಿಯೋ ಹೋಗಬಹುದು ಎಂಬ ಗುಮಾನಿ ಇದ್ದರೆ 38ನೇ ನಿಮಿಷದ ಆ ಮಾತು ಹೊರಗೇ ಬರುವುದಿಲ್ಲ.