ಹಾಲಿನ ಪ್ರೋಟೀನು ತೂಗಲು ಹೋಗಿ ನನ್ನ ಚರ್ಮವನ್ನೇ ತೂಗಿದ್ದು

ಎಂ.ಎಸ್ಸಿ. ಎರಡನೆಯ ವರ್ಷದ ಪ್ರೋಟಿಯೋಮಿಕ್ಸ್ ಪ್ರಯೋಗದಲ್ಲಿ ನಮಗೆ ಕೊಟ್ಟ ಕೆಲಸ ಕೇಳಲು ಸುಲಭವಾಗಿತ್ತು. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಕಾಣುವ ಒಂದು ಪಟ್ಟಿಯನ್ನು ಕತ್ತರಿಸಿ ತೆಗೆದು, ಅದು ಯಾವ ಪ್ರೋಟೀನು ಎಂದು ಮಾಸ್ ಸ್ಪೆಕ್ಟ್ರೋಮೀಟರಿನಿಂದ ತಿಳಿದು ಬರಬೇಕು. ನಾನು ಉಡುಪಿಯಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನರ ಹಟ್ಟಿಯಿಂದ ಅರ್ಧ ಲೋಟ ಹಸಿ ಹಾಲು ತಂದೆ. ಹಸಿ ಹಾಲೇ ಬೇಕಿತ್ತು. ಕಾಯಿಸಿದರೆ ತಿಳಿಯಲ್ಲಿ ಉಳಿಯಬೇಕಾದ ಪ್ರೋಟೀನುಗಳೂ ಕೇಸಿನ್ನಿಗೆ ಅಂಟಿಕೊಂಡು ತಳ ಸೇರುತ್ತವೆ. ಕೆನೆ ತೆಗೆದು, pH 4.6ಕ್ಕೆ ಹುಳಿಗೊಳಿಸಿ ಹಾಲನ್ನು ಒಡೆಸಿ, ಮೇಲಿನ ತಿಳಿಯನ್ನು 12% ಜೆಲ್‌ನಲ್ಲಿ ಓಡಿಸಿ ಕೂಮಾಸಿ ನೀಲಿಯಲ್ಲಿ ಬಣ್ಣ ಹಾಕಿದೆ. ಕೆಳಗೆ 18 ಕಿಲೋಡಾಲ್ಟನ್ ಹತ್ತಿರ ದಪ್ಪನೆಯ ಪಟ್ಟಿ, ಮೇಲೆ 66ರ ಹತ್ತಿರ ತೆಳ್ಳನೆಯದೊಂದು. ನಾನು ಆರಿಸಿಕೊಂಡದ್ದು ಆ ತೆಳ್ಳನೆಯದನ್ನು. ಹಸುವಿನ ರಕ್ತದ ಆಲ್ಬುಮಿನ್ ಸ್ವಲ್ಪ ಹಾಲಿಗೂ ಬರುತ್ತದೆ, ಅದೇ ಇರಬೇಕು ಎಂಬುದು ನನ್ನ ಊಹೆ.

ಹತ್ತು ದಿನಗಳ ನಂತರ ಪರದೆಯ ಮೇಲೆ ಮೊದಲ ಸಾಲಿನಲ್ಲಿ ಬಂದ ಹೆಸರು K2C1_HUMAN. ಮನುಷ್ಯನ ಚರ್ಮದ ಕೆರಾಟಿನ್. ಅದರ ತೂಕ 66 ಸಾವಿರ ಡಾಲ್ಟನ್, ನನ್ನ ಪಟ್ಟಿ ಇದ್ದ ಜಾಗಕ್ಕೆ ಅಳತೆ ತೆಗೆದು ಹೊಲಿದಂತೆ. ಹಸುವಿನ ಕೆಚ್ಚಲಿನಿಂದ ಉದುರಿದ ಕೆರಾಟಿನ್ ಹಾಲಿಗೆ ಸೇರಿರಬೇಕು, ಮನುಷ್ಯನದಕ್ಕೂ ಅದಕ್ಕೂ ಹೋಲಿಕೆ ಇರುವುದರಿಂದ ಹೀಗೆ ತೋರಿಸುತ್ತಿದೆ ಎಂದು ವರದಿಯಲ್ಲಿ ಒಂದು ಪುಟ ವಾದವನ್ನೂ ಬರೆದೆ. ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಅಕ್ಕ ಅದನ್ನು ಓದಿ, ಕನ್ನಡಕ ತೆಗೆದಿಟ್ಟು, "ಮಾರಾಯ್ತಿ, ನಿನ್ನ ಚರ್ಮವನ್ನು ನೀನೇ ತೂಗಿಸಿಕೊಂಡು ಬಂದಿದ್ದೀ" ಎಂದರು.

ಯಂತ್ರಕ್ಕೆ ಪ್ರೋಟೀನಿನ ಹೆಸರು ಗೊತ್ತಿರುವುದಿಲ್ಲ. ಅದು ತೂಗುವುದು ಪೆಪ್ಟೈಡುಗಳನ್ನು, ಅಂದರೆ ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸಿದಾಗ ಬರುವ ಚೂರುಗಳನ್ನು. ಟ್ರಿಪ್ಸಿನ್ ಎಲ್ಲೆಂದರಲ್ಲಿ ಕಡಿಯುವುದಿಲ್ಲ. ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಆದ ಮೇಲೆ ಮಾತ್ರ ಕಡಿಯುತ್ತದೆ, ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಅದನ್ನೂ ಬಿಡುತ್ತದೆ. ಹಾಗಾಗಿ ಅನುಕ್ರಮ ಗೊತ್ತಿರುವ ಯಾವ ಪ್ರೋಟೀನಿನಿಂದ ಯಾವ ತೂಕದ ಚೂರುಗಳು ಬರುತ್ತವೆ ಎಂದು ಮೊದಲೇ ಲೆಕ್ಕ ಹಾಕಬಹುದು. ಯಂತ್ರ ಕೊಟ್ಟ ತೂಕಗಳ ಪಟ್ಟಿಯನ್ನು ಈ ಲೆಕ್ಕಗಳೊಂದಿಗೆ ತಾಳೆ ನೋಡುವುದೇ ಗುರುತಿಸುವಿಕೆ. ಆಲ್ಬುಮಿನ್ನಿನ ಒಂದು ಚೂರನ್ನು, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರದಂತೆ, ನಾನು ಕಾಗದದ ಮೇಲೆ ಹೀಗೆ ಕೂಡಿಸಿದ್ದೆ:

```
Y  163.063
L  113.084
Y  163.063
E  129.043
I  113.084
A   71.037
R  156.101
H2O 18.011
H+   1.007
-----------
   927.493
```

ಕೊನೆಯ ಪ್ರೋಟಾನು ಏಕೆಂದರೆ, ಯಂತ್ರಕ್ಕೆ ಕಾಣುವುದು ವಿದ್ಯುದಂಶ ಇರುವ ಚೂರು ಮಾತ್ರ. ನಾನು ಬಳಸಿದ ಮಾಲ್ಡಿ-ಟಾಫ್ ವಿಧಾನದಲ್ಲಿ ಪೆಪ್ಟೈಡನ್ನು ಬೆಳಕು ಹೀರುವ ಒಂದು ಆಮ್ಲದ ಜೊತೆ ಲೋಹದ ತಟ್ಟೆಯ ಮೇಲೆ ಹರಳುಗಟ್ಟಿಸಿ ಲೇಸರ್ ಹೊಡೆಯುತ್ತಾರೆ. ಹರಳು ಸಿಡಿದು ಪೆಪ್ಟೈಡುಗಳು ಹೆಚ್ಚಾಗಿ ಒಂದೊಂದೇ ಪ್ರೋಟಾನು ಹೊತ್ತು ಮೇಲೇಳುತ್ತವೆ. ಸುಮಾರು 20 ಸಾವಿರ ವೋಲ್ಟಿನಲ್ಲಿ ಎಲ್ಲಕ್ಕೂ ಒಂದೇ ಪ್ರಮಾಣದ ತಳ್ಳು ಕೊಟ್ಟು ನಿರ್ವಾತದ ಕೊಳವೆಯಲ್ಲಿ ಓಡಲು ಬಿಟ್ಟರೆ ಹಗುರವಾದದ್ದು ಮೊದಲು ಮುಟ್ಟುತ್ತದೆ, ಭಾರದ್ದು ತಡವಾಗಿ. ನಾಲ್ಕು ಪಟ್ಟು ಭಾರದ್ದಕ್ಕೆ ಎರಡು ಪಟ್ಟು ಸಮಯ. ಆ ಸಮಯದಿಂದ ತೂಕ ತಿಳಿಯುತ್ತದೆ. ಕೊಳವೆಯಲ್ಲಿ ಓಡುತ್ತಿರುವುದು ಹಸುವಿನದೋ, ಕತ್ತರಿಸಿದವಳದೋ ಎಂಬ ವಿಚಾರ ಆ ಗಡಿಯಾರಕ್ಕೆ ಸೇರಿದ್ದಲ್ಲ.

ಹಾಗಾದರೆ ನನ್ನ ಚರ್ಮ ಎಲ್ಲಿಂದ ಬಂತು? ಅದು ಏಪ್ರಿಲ್ ತಿಂಗಳು. ಕರಾವಳಿಯ ಏಪ್ರಿಲ್ ಅಂದರೆ ಮೈಯಿಂದ ನೀರು ಇಳಿಯುವ ಕಾಲ. ಕೋಣೆಯ ಏಸಿ ಕೆಟ್ಟಿತ್ತು, ನಾನು ಫ್ಯಾನ್ ಹಾಕಿಕೊಂಡು ಅದರ ಅಡಿಯಲ್ಲೇ ಜೆಲ್ ಕತ್ತರಿಸಿದೆ. ಕೋಣೆಯ ಧೂಳಿನಲ್ಲಿ ನಮ್ಮ ಚರ್ಮದ ಹೊಟ್ಟೂ ಸೇರಿರುತ್ತದೆ. ಅದು ಸಾಲದೆಂದು ಆ ದಿನ ಶಂಕರಪುರ ಮಲ್ಲಿಗೆ ಮುಡಿದಿದ್ದೆ. ದಂಡೆ ಜಾರಿದಾಗಲೆಲ್ಲ ಕೈಗವಸು ಹಾಕಿದ ಕೈಯಿಂದಲೇ ಸರಿಮಾಡಿಕೊಳ್ಳುತ್ತಿದ್ದೆ. ಕೈಗವಸು ಹಾಕಿದ್ದೇನಲ್ಲ ಎಂಬ ಧೈರ್ಯ. ಕೈಗವಸು ಕೈಯನ್ನು ಕಾಪಾಡುತ್ತದೆಯೇ ಹೊರತು, ತಲೆ ಮುಟ್ಟಿ ಬಂದ ಕೈಗವಸಿನಿಂದ ಜೆಲ್ಲನ್ನು ಯಾರು ಕಾಪಾಡಬೇಕು?

ಆದರೆ ಧೂಳು ಬಿದ್ದದ್ದು ಅರ್ಧ ಕಥೆ ಮಾತ್ರ. ಸ್ವಲ್ಪ ಕೆರಾಟಿನ್ ಎಲ್ಲರ ಮಾದರಿಯಲ್ಲೂ ಇರುತ್ತದೆ. ನನ್ನದರಲ್ಲಿ ಅದೇ ಮೇಲುಗೈ ಪಡೆದದ್ದು ಏಕೆಂದರೆ ಆಲ್ಬುಮಿನ್ ಸರಿಯಾಗಿ ಕಡಿಯಲ್ಪಟ್ಟಿರಲಿಲ್ಲ. ಜೆಲ್ ತುಂಡಿನ ಒಳಗಿರುವ ಪ್ರೋಟೀನಿನ ಬಳಿಗೆ ಟ್ರಿಪ್ಸಿನ್ ಹೋಗಬೇಕಾದರೆ ತುಂಡು ಅದನ್ನು ಕುಡಿಯಬೇಕು. ತುಂಡು ಮೊದಲೇ ನೀರು ಕುಡಿದು ಕುಳಿತಿದ್ದರೆ ಇನ್ನೇನು ಕುಡಿದೀತು? ನಾನು ಮೂರು ಮಿಲಿಮೀಟರಿನ ದೊಡ್ಡ ತುಂಡುಗಳನ್ನು ಮಾಡಿದ್ದೆ, ನೀರನ್ನು ಹೊರಗೆಳೆಯುವ ಅಸಿಟೋನೈಟ್ರೈಲ್ ಹಾಕಿ ಐದೇ ನಿಮಿಷಕ್ಕೆ ತೆಗೆದಿದ್ದೆ. ಟ್ರಿಪ್ಸಿನ್ ಹೊರಗಿನ ದ್ರವದಲ್ಲೇ ಉಳಿಯಿತು. ಅಲ್ಲಿ ಅದಕ್ಕೆ ಸಿಕ್ಕಿದ್ದು ತುಂಡಿನ ಮೇಲ್ಮೈಯಲ್ಲಿ ಅಂಟಿದ್ದ ಕೆರಾಟಿನ್ ಮತ್ತು ಟ್ರಿಪ್ಸಿನ್ ಸ್ವತಃ. ಹೌದು, ಟ್ರಿಪ್ಸಿನ್ ತನ್ನನ್ನೂ ಕಡಿದುಕೊಳ್ಳುತ್ತದೆ. ಹಂದಿಯ ಟ್ರಿಪ್ಸಿನ್ ಆದರೆ 842.51 ಮತ್ತು 2211.10ರಲ್ಲಿ ಆ ಚೂರುಗಳು ಕಾಣುತ್ತವೆ, ಅವುಗಳ ಸರಿಯಾದ ತೂಕ ಗೊತ್ತಿರುವುದರಿಂದ ಯಂತ್ರದ ಅಳತೆಯನ್ನು ಸರಿಹೊಂದಿಸಲು ಅನುಕೂಲವೂ ಹೌದು. ಆದರೆ ಯಂತ್ರ ಬರೆದುಕೊಟ್ಟ ನನ್ನ ತೂಕಗಳ ಚಿತ್ರದಲ್ಲಿ ಅವೆರಡೂ ತೆಂಗಿನ ಮರದಂತೆ ಎದ್ದು ನಿಂತಿದ್ದವು. ಅವುಗಳ ನಂತರದ ಎತ್ತರದವು 1179.60, 1475.75, 1716.85, 1993.98. ನಾಲ್ಕೂ ಕೆರಾಟಿನ್ನಿನವು. ಈ ನಾಲ್ಕು ಅಂಕಿಗಳು ಈಗ ನನಗೆ ಮನೆಯ ಫೋನ್ ನಂಬರಿನಷ್ಟೇ ಬಾಯಿಪಾಠ.

ಅಕ್ಕ ಆ ತೂಕಗಳ ಪಟ್ಟಿಯಿಂದ ಕೆರಾಟಿನ್ ಮತ್ತು ಟ್ರಿಪ್ಸಿನ್ನಿನ ಅಂಕಿಗಳನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿದರು. ಹುಲ್ಲಿನಷ್ಟೇ ಎತ್ತರದ ಕೆಲವು ಉಳಿದವು. ಅವುಗಳ ಪೈಕಿ 927.52 ಮತ್ತು 1479.84 ಇದ್ದವು. 927.49ಕ್ಕೂ 927.52ಕ್ಕೂ ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು 32 ಭಾಗ, ಆ ಯಂತ್ರದಲ್ಲಿ ಅಷ್ಟು ಸಹಜ. ಇವೆರಡೂ ಆಲ್ಬುಮಿನ್ನಿನ ತೂಕಗಳೇ. ಆದರೆ ಎರಡು ತೂಕ ಹೊಂದಿದ ಮಾತ್ರಕ್ಕೆ ಹೆಸರು ಹೇಳುವಂತಿಲ್ಲ. ಲಕ್ಷಾಂತರ ಅನುಕ್ರಮಗಳಿರುವ ಸಂಗ್ರಹದಲ್ಲಿ ಎರಡು ತೂಕ ಆಕಸ್ಮಿಕವಾಗಿ ಹೊಂದುವ ಪ್ರೋಟೀನುಗಳು ಬೇಕಾದಷ್ಟು ಸಿಗುತ್ತವೆ. ಹಾಗೆಂದು ಹುಡುಕಾಟವನ್ನು ಹಸುವಿನ ಪ್ರೋಟೀನುಗಳಿಗೆ ಮಾತ್ರ ಸೀಮಿತಗೊಳಿಸೋಣವೇ ಎಂದು ಕೇಳಿದೆ. "ಆಗ ಹಸುವಿನ ಕೆರಾಟಿನ್ ಬರುತ್ತದೆ, ನಿನ್ನ ಪುಟದ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ" ಎಂದು ಅವರು ನಕ್ಕರು.

ಎರಡನೆಯ ಬಾರಿ ಬೆಳಿಗ್ಗೆ ಏಳಕ್ಕೆ ಹೋದೆ, ತಲೆಗೆ ಟೋಪಿ ಕಟ್ಟಿಕೊಂಡು, ಫ್ಯಾನ್ ಮುಟ್ಟದೆ. ಗಾಜಿನ ಹಲಗೆಯನ್ನು ತೊಳೆದು ಒರೆಸಿ, ಹೊಸ ಬ್ಲೇಡಿನಿಂದ ಪಟ್ಟಿಯ ನೀಲಿ ಭಾಗವನ್ನು ಮಾತ್ರ, ಅಂಚಿನ ಬಣ್ಣವಿಲ್ಲದ ಜೆಲ್ ಸೇರದಂತೆ, ತೆಗೆದೆ. ಅದನ್ನು ಒಂದು ಮಿಲಿಮೀಟರಿನ ಚೂರುಗಳಾಗಿ ಮಾಡಿದೆ. ಅದಕ್ಕಿಂತ ಸಣ್ಣದಾದರೆ ಪಿಪೆಟ್ಟಿನ ತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಮತ್ತೆ, ಮೊದಲ ಬಾರಿ ಮಾಡದೆ ಬಿಟ್ಟಿದ್ದ ಒಂದು ಕೆಲಸ: ಯಾವ ಮಾದರಿಯನ್ನೂ ಹಾಕದ ಖಾಲಿ ಸಾಲಿನಿಂದ, ಅದೇ ಎತ್ತರದಲ್ಲಿ, ಅಷ್ಟೇ ಗಾತ್ರದ ಜೆಲ್ ಕತ್ತರಿಸಿ ಇನ್ನೊಂದು ಟ್ಯೂಬಿಗೆ ಹಾಕಿ "ಖಾಲಿ" ಎಂದು ಬರೆದೆ. ಮುಂದಿನದೆಲ್ಲವನ್ನೂ ಎರಡಕ್ಕೂ ಒಂದೇ ರೀತಿ ಮಾಡಿದೆ.

50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟಿಗೆ ಅಷ್ಟೇ ಅಸಿಟೋನೈಟ್ರೈಲ್ ಬೆರೆಸಿ, ನೀಲಿ ಪೂರ್ತಿ ಹೋಗುವವರೆಗೆ ತೊಳೆದೆ. ಡಿಟಿಟಿ ಹಾಕಿ 56 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು ಸಿಸ್ಟೀನ್‌ಗಳ ನಡುವಿನ ಕೊಂಡಿ ಬಿಚ್ಚಿಸಿದೆ, ಆಮೇಲೆ ಕತ್ತಲೆಯಲ್ಲಿ ಅರ್ಧ ಗಂಟೆ ಅಯೊಡೊಅಸಿಟಮೈಡ್ ಹಾಕಿ ಅವು ಮತ್ತೆ ಸೇರದಂತೆ ಮುಚ್ಚಿದೆ. ಇದರಿಂದ ಪ್ರತಿ ಸಿಸ್ಟೀನಿಗೆ 57.02 ತೂಕ ಕೂಡುತ್ತದೆ, ಹುಡುಕುವಾಗ ಅದನ್ನು ತಿಳಿಸಲು ಮರೆತರೆ ಸಿಸ್ಟೀನ್ ಇರುವ ಚೂರು ಒಂದೂ ಹೊಂದುವುದಿಲ್ಲ. ನಂತರ ಮತ್ತೆ ತೊಳೆದು, ಬರಿಯ ಅಸಿಟೋನೈಟ್ರೈಲ್ ಹಾಕಿ ಕಾದೆ. ಈ ಬಾರಿ ಗಡಿಯಾರ ನೋಡಲಿಲ್ಲ, ಚೂರುಗಳನ್ನು ನೋಡಿದೆ. ಪಾರದರ್ಶಕವಾಗಿದ್ದವು ಕುಗ್ಗುತ್ತ, ಬೆಳ್ಳಗಾಗುತ್ತ, ಕೊನೆಗೆ ಹಸಿ ಸಾಬಕ್ಕಿಯಂತೆ ಗಟ್ಟಿಯಾಗಿ ಟ್ಯೂಬು ಅಲ್ಲಾಡಿಸಿದರೆ ಟಕಟಕ ಅನ್ನತೊಡಗಿದವು. ಆಗ ಟ್ಯೂಬನ್ನು ಮಂಜುಗಡ್ಡೆಯ ಮೇಲಿಟ್ಟು, ತಣ್ಣಗಿನ ಟ್ರಿಪ್ಸಿನ್ ದ್ರಾವಣ ಹಾಕಿದೆ, ಒಂದು ಮೈಕ್ರೋಲೀಟರಿಗೆ 10 ನ್ಯಾನೋಗ್ರಾಂ. ಮುಕ್ಕಾಲು ಗಂಟೆಯಲ್ಲಿ ಪಾಯಸದ ಸಾಬಕ್ಕಿಯಂತೆ ಉಬ್ಬಿ ತಿಳಿಯಾದವು. ಮಂಜುಗಡ್ಡೆ ಏಕೆಂದರೆ, ಬೆಚ್ಚಗಿದ್ದರೆ ಟ್ರಿಪ್ಸಿನ್ ಒಳಗೆ ಹೋಗುವ ಮೊದಲೇ ತನ್ನನ್ನೇ ತಿನ್ನಲು ತೊಡಗುತ್ತದೆ. ಹೊರಗುಳಿದ ದ್ರಾವಣವನ್ನು ತೆಗೆದುಬಿಟ್ಟು, ಚೂರು ಮುಳುಗುವಷ್ಟು ಬೈಕಾರ್ಬೊನೇಟ್ ಹಾಕಿ, ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ.

ಬೆಳಿಗ್ಗೆ ಆಮ್ಲ ಬೆರೆಸಿದ ಅಸಿಟೋನೈಟ್ರೈಲಿನಿಂದ ಪೆಪ್ಟೈಡುಗಳನ್ನು ಹೊರತೆಗೆದು, ಒಣಗಿಸಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ಯಂತ್ರವಿದ್ದ ಸಂಸ್ಥೆಗೆ ಮಂಗಳೂರಿನ ಬಸ್ ಹತ್ತಿದೆ.

ಈ ಬಾರಿ 927.50 ನೆಟ್ಟಗೆ ನಿಂತಿತ್ತು. ಅದರ ಜೊತೆ 1163.63, 1305.72, 1479.80, 1567.75, 1639.94. ಮೊದಲ ಹೆಸರು ALBU_BOVIN, ಹಸುವಿನ ಆಲ್ಬುಮಿನ್. ಒಂದು ತಮಾಷೆಯೆಂದರೆ, ಅದರ ಎದುರಿಗೆ ಬರೆದಿದ್ದ ತೂಕ 69 ಸಾವಿರ, ನನ್ನ ಪಟ್ಟಿಗೆ ಕೆರಾಟಿನ್ನಿಗಿಂತ ಕೆಟ್ಟದಾಗಿ ಹೊಂದುತ್ತಿತ್ತು! ಸಂಗ್ರಹದಲ್ಲಿರುವುದು ಜೀವಕೋಶ ಮೊದಲು ಕಟ್ಟುವ ಉದ್ದನೆಯ ರೂಪ. ಅದರ ಆರಂಭದ 24 ಅಮೈನೋ ಆಮ್ಲಗಳು ಕತ್ತರಿಸಿಹೋದ ಮೇಲೆ ಉಳಿಯುವುದು 66 ಸಾವಿರ ಚಿಲ್ಲರೆ. ಜೆಲ್‌ನಲ್ಲಿ ಕಂಡ ತೂಕವನ್ನು ಸಾಕ್ಷಿಯೆಂದು ನಂಬಿದ್ದಕ್ಕೆ ಇದು ಎರಡನೆಯ ಪೆಟ್ಟು.

ತೂಕದ ಮೇಲಷ್ಟೇ ನಿಲ್ಲಬಾರದೆಂದು ಅಲ್ಲಿನ ಯಂತ್ರ ನಡೆಸುವವರು 927.5ರ ಚೂರನ್ನು ಮಾತ್ರ ಬೇರ್ಪಡಿಸಿ, ಒಡೆದು, ಮತ್ತೆ ತೂಗಿದರು. ತುದಿಯಿಂದ ಓದುತ್ತ ಹೋದೆವು. 175.12 ಅಂದರೆ ಕೊನೆಯಲ್ಲಿ ಆರ್ಜಿನಿನ್. ಅಲ್ಲಿಂದ 246.16ಕ್ಕೆ 71.04, ಅಲನಿನ್. ಅಲ್ಲಿಂದ 359.24ಕ್ಕೆ 113.08. ಇಲ್ಲಿ ನಾನು ಐಸೊಲ್ಯೂಸಿನ್ ಎಂದೆ. "ಲ್ಯೂಸಿನ್ ಯಾಕಲ್ಲ?" ಎಂದು ಅವರು ಕೇಳಿದರು. ಎರಡರ ತೂಕವೂ ಒಂದೇ, ಈ ರೀತಿ ಒಡೆದರೆ ಬೇರೆ ಮಾಡಿ ಹೇಳಲು ಬರುವುದಿಲ್ಲ; ನಾನು ಹೇಳಿದ್ದು ಉತ್ತರ ಮೊದಲೇ ಗೊತ್ತಿದ್ದುದರಿಂದ. ಮುಂದಿನ 488.28, 651.35, 764.43 ಒಂದೊಂದೇ ಮೆಟ್ಟಿಲು ಸರಿಯಾಗಿ ಸಿಕ್ಕಿದವು.

ಆಮೇಲೆ "ಖಾಲಿ" ಟ್ಯೂಬಿನ ಚಿತ್ರ ತೆರೆದೆವು. 927 ಇರಲಿಲ್ಲ, 1479 ಇರಲಿಲ್ಲ. ಟ್ರಿಪ್ಸಿನ್ನಿನ ಎರಡು ಇದ್ದವು. ಅವುಗಳ ನಡುವೆ, ಹುಡುಕಿದರೆ ಮಾತ್ರ ಕಾಣುವಷ್ಟು ಗಿಡ್ಡಗೆ, 1475.75 ಕೂಡ ಇತ್ತು.