ಗ್ರಂಥಿಗೆ ಅಂಗಡಿಯ ಒಂದು ವರ್ಷ, ಏಳು ಸಾಲುಗಳಲ್ಲಿ

ತುಮಕೂರಿನ ಮಂಡಿಪೇಟೆ ಹತ್ತಿರ ನಮ್ಮದೊಂದು ಗ್ರಂಥಿಗೆ ಅಂಗಡಿ ಇದೆ. ತೆಂಗಿನಕಾಯಿ, ಕರ್ಪೂರ, ಊದುಬತ್ತಿ, ಅರಿಶಿನ ಕುಂಕುಮ, ದೀಪದ ಎಣ್ಣೆ, ಅಮಾವಾಸ್ಯೆ ಬಂದರೆ ಬೂದುಗುಂಬಳಕಾಯಿ, ನಿಂಬೆಹಣ್ಣು. ಯಾವ ವಾರ ವ್ಯಾಪಾರ ಜಾಸ್ತಿ ಅಂತ ಯಾರಾದರೂ ಕೇಳಿದರೆ ಶುಕ್ರವಾರ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆವು. ಕಾಯಿ ಲೋಡನ್ನೂ ಶುಕ್ರವಾರ ಬೆಳಗ್ಗೆಯೇ ಇಳಿಸಿಕೊಳ್ಳುತ್ತಿದ್ದೆವು. 2024ರ ಲೆಕ್ಕವನ್ನೆಲ್ಲ ಒಂದು ಕ್ಯಾಲೆಂಡರ್ ಹೀಟ್‌ಮ್ಯಾಪ್‌ಗೆ ಹಾಕಿ ನೋಡಿದ ಮೇಲೆ ಲೋಡಿನ ದಿನ ಬದಲಾಯಿತು. ಅದನ್ನು ಮಾಡಿದ ಬಗೆ ಮತ್ತು ಓದಿಕೊಂಡ ಬಗೆ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲವು ಗೋಡೆ ಕ್ಯಾಲೆಂಡರ್‌ಗಳಲ್ಲಿ ವಾರದ ಹೆಸರುಗಳು ಎಡಗಡೆ ಮೇಲಿಂದ ಕೆಳಕ್ಕೆ ಇರುತ್ತವಲ್ವಾ, ಇದೂ ಅದೇ ಥರ. ಏಳು ಸಾಲು, ಸೋಮವಾರದಿಂದ ಭಾನುವಾರದವರೆಗೆ. ಒಂದೊಂದು ಕಂಬದಲ್ಲಿ ಒಂದೊಂದು ವಾರದ ಏಳು ದಿನ. ತಿಂಗಳಿಗೊಂದು ಹಾಳೆ ಬದಲು ಇಡೀ ವರ್ಷ ಒಂದೇ ಹಾಳೆಯಲ್ಲಿ ಉದ್ದಕ್ಕೆ ಸಾಗುತ್ತದೆ. ತಾರೀಖಿನ ಜಾಗದಲ್ಲಿ ಆವತ್ತಿನ ವ್ಯಾಪಾರ, ಅದರ ಮೇಲೆ ಬಣ್ಣ. ಕಡಿಮೆ ವ್ಯಾಪಾರಕ್ಕೆ ತೆಳು, ಜಾಸ್ತಿಗೆ ಗಾಢ.

ಗೂಗಲ್ ಶೀಟ್ಸ್‌ನಲ್ಲಿ ಇದನ್ನು ಮಾಡಲು ಎರಡು ಹಾಳೆ ಸಾಕು. ಮೊದಲನೆಯದಕ್ಕೆ `Data` ಅಂತ ಹೆಸರಿಟ್ಟು `A` ಕಂಬದಲ್ಲಿ ತಾರೀಖು, `B` ಕಂಬದಲ್ಲಿ ಆ ದಿನದ ಒಟ್ಟು ವ್ಯಾಪಾರ ಬರೆದೆ. ಎರಡನೇ ಹಾಳೆಯಲ್ಲಿ `A2` ಇಂದ `A8` ತನಕ ಸೋಮವಾರದಿಂದ ಭಾನುವಾರದವರೆಗಿನ ಹೆಸರು. `B1`ನಲ್ಲಿ 2024ರ ಜನವರಿ 1. ಆ ದಿನ ಸೋಮವಾರವೇ ಆಗಿದ್ದರಿಂದ ಅನುಕೂಲವಾಯಿತು. ಬೇರೆ ವರ್ಷವಾದರೆ ಜನವರಿ 1 ಇರುವ ವಾರದ ಸೋಮವಾರವನ್ನು ಹಾಕಬೇಕು, ಅದು ಡಿಸೆಂಬರ್‌ನಲ್ಲಿ ಬಿದ್ದರೂ ಪರವಾಗಿಲ್ಲ. `C1`ನಲ್ಲಿ `=B1+7` ಬರೆದು `BB` ತನಕ ಎಳೆದರೆ 53 ವಾರ ಆಗುತ್ತದೆ. ಆಮೇಲೆ `B2`ನಲ್ಲಿ ಈ ಸೂತ್ರ:

```
=IFERROR(VLOOKUP(B$1+ROW()-2, Data!$A:$B, 2, FALSE), "")
```

ಇದನ್ನು `BB8` ತನಕ ತುಂಬಿಸಿದರೆ ವರ್ಷವೆಲ್ಲ ತಂತಾನೇ ತನ್ನ ತನ್ನ ಮನೆಯಲ್ಲಿ ಕೂರುತ್ತದೆ. ಅಂಗಡಿ ಮುಚ್ಚಿದ್ದ ದಿನಕ್ಕೆ ಸೊನ್ನೆ ಹಾಕಬೇಡಿ, "ರಜೆ" ಅಂತ ಬರೆಯಿರಿ. ಸೊನ್ನೆ ಹಾಕಿದರೆ ವ್ಯಾಪಾರವೇ ಆಗದ ದಿನ ಅಂತ ಲೆಕ್ಕಕ್ಕೆ ಸೇರುತ್ತದೆ. ಅಕ್ಷರ ಇದ್ದ ಮನೆಗೆ ಬಣ್ಣ ಬರುವುದಿಲ್ಲ, ಸರಾಸರಿಗೂ ಸೇರುವುದಿಲ್ಲ.

ಇಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಪ್ರತಿ ತಿಂಗಳೂ 13ನೇ ತಾರೀಖಿನಿಂದ ಮುಂದೆ ಮನೆಗಳು ಖಾಲಿ ಕಂಡರೆ ಶೀಟು ತಾರೀಖನ್ನು ಅಮೆರಿಕದ ರೀತಿ, ತಿಂಗಳು ಮೊದಲು ಅಂತ ಓದುತ್ತಿದೆ ಎಂದರ್ಥ. 05/07 ಅನ್ನುವುದು ಜುಲೈ 5ರ ಬದಲು ಮೇ 7ಕ್ಕೆ ಹೋಗಿ ಕೂತಿರುತ್ತದೆ. ಫೈಲ್ ಸೆಟ್ಟಿಂಗ್ಸ್‌ನಲ್ಲಿ `Locale` ಅನ್ನು `India` ಮಾಡಿ, ತಾರೀಖುಗಳನ್ನು ಮತ್ತೆ ಹಾಕಬೇಕು. ಹಾಗೇ ಫೋನಿನಲ್ಲಿ ಬರುವ ದುಡ್ಡು ಮರುದಿನ ಬ್ಯಾಂಕಿಗೆ ಜಮೆಯಾಗುವ ವ್ಯವಸ್ಥೆ ಇದ್ದರೆ, ಬ್ಯಾಂಕಿನ ಪಟ್ಟಿಯ ತಾರೀಖು ಬಳಸಬೇಡಿ. ಗುರುವಾರದ ವ್ಯಾಪಾರ ಶುಕ್ರವಾರದ ಸಾಲಿಗೆ ಜಾರಿಬಿಡುತ್ತದೆ. ವಾರ ಹುಡುಕಲು ಹೊರಟವರಿಗೆ ಒಂದು ದಿನ ಆಚೀಚೆ ಆದರೆ ಎಲ್ಲವೂ ಹೋದ ಹಾಗೆ. ನಾನು ಗಲ್ಲಾ ಪುಸ್ತಕದ ತಾರೀಖನ್ನೇ ಇಟ್ಟುಕೊಂಡೆ.

ಬಣ್ಣಕ್ಕೆ `B2:BB8` ಆರಿಸಿ `Format`, `Conditional formatting`, ಅಲ್ಲಿ `Color scale`. ಬಿಳಿಯಿಂದ ಕಡು ಹಸಿರಿಗೆ ಹೋಗುವ ಒಂದೇ ಬಣ್ಣ ಆರಿಸಿಕೊಂಡೆ. ಕೆಂಪು ಹಸಿರು ಎರಡೂ ಬೆರೆಸಿದರೆ ಆ ಎರಡರ ವ್ಯತ್ಯಾಸ ಕಾಣದ ಕಣ್ಣಿನವರಿಗೆ ಏನೂ ತಿಳಿಯುವುದಿಲ್ಲ. ಇಷ್ಟು ಮಾಡಿದರೂ ಹಾಳೆಯಲ್ಲಿ ಮೊದಲು ಕಾಣುವುದು ಹಬ್ಬಗಳ ಐದಾರು ಕಡು ಚುಕ್ಕೆ, ಉಳಿದದ್ದೆಲ್ಲ ಬಿಳಿಚಿಕೊಂಡಿರುತ್ತದೆ. ಗೌರಿ ಹಬ್ಬದ ಹಿಂದಿನ ದಿನ 20,000 ಆಗಿದ್ದರೆ, ಅದರ ಮುಂದೆ 4,000ಕ್ಕೂ 7,000ಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನಮಗೆ ಬೇಕಾದದ್ದು ಅದೇ ವ್ಯತ್ಯಾಸ. ಅದಕ್ಕೆ `Minpoint` ಮತ್ತು `Maxpoint` ಎರಡನ್ನೂ `Percentile` ಮಾಡಿ 5 ಮತ್ತು 95 ಕೊಟ್ಟೆ. ವರ್ಷದ ಅತಿ ಹೆಚ್ಚಿನ ಶೇ 5ರಷ್ಟು ದಿನಗಳು, ಅಂದರೆ ಹದಿನೆಂಟರ ಆಸುಪಾಸು, ಎಲ್ಲವೂ ಒಂದೇ ಕಡು ಬಣ್ಣಕ್ಕೆ ಬಂದವು. ಉಳಿದ ದಿನಗಳಿಗೆ ಬಣ್ಣ ಹಂಚಿಕೆಯಾಗಿ ಸಾಲುಗಳು ಎದ್ದು ಕಂಡವು.

ಉದ್ದಕ್ಕೂ ಗಾಢವಾಗಿ ಕಂಡ ಸಾಲು ಶುಕ್ರವಾರದ್ದಾಗಿರಲಿಲ್ಲ, ಗುರುವಾರದ್ದು. ಶುಕ್ರವಾರ ಅದರ ನಂತರ. ಅಮ್ಮನಿಗೆ ತೋರಿಸಿದೆ. "ಅದರಲ್ಲೇನಿದೆಯೋ? ಶುಕ್ರವಾರ ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡು ಪೂಜೆಗೆ ಕೂತ್ಕೊಳ್ಳೋರು ಕಾಯಿ ತರೋಕೆ ಪೇಟೆಗೆ ಬರ್ತಾರಾ? ಹಿಂದಿನ ದಿನ ಸಂಜೆನೇ ತಂದಿಟ್ಕೊಂಡಿರ್ತಾರೆ" ಅಂದರು.

ಆದರೆ ಗುರುವಾರ ಎಷ್ಟು ಜಾಸ್ತಿ ಅನ್ನುವುದನ್ನು ಬಣ್ಣ ಹೇಳುವುದಿಲ್ಲ. ಅಲ್ಲಿಗೆ ಅಂಕಿ ಬೇಕು. ಸಾಲಿನ ಸರಾಸರಿ ತೆಗೆದರೆ ಗುರುವಾರ 8,000 ಮುಟ್ಟುತ್ತಿತ್ತು. ಇದನ್ನು ನಂಬುವ ಮೊದಲು ಆ ಸಾಲಿನ ಕಡು ಚುಕ್ಕೆಗಳ ತಾರೀಖು ನೋಡಿದೆ. 2024ರಲ್ಲಿ ಶಿವರಾತ್ರಿ ಮಾರ್ಚ್ 8, ಶುಕ್ರವಾರ. ವರಮಹಾಲಕ್ಷ್ಮಿ ಹೇಗೂ ಶುಕ್ರವಾರವೇ, ಆ ವರ್ಷ ಆಗಸ್ಟ್ 16. ಗೌರಿ ಹಬ್ಬ ಸೆಪ್ಟೆಂಬರ್ 6, ಆಯುಧಪೂಜೆ ಅಕ್ಟೋಬರ್ 11, ದೀಪಾವಳಿ ಅಮಾವಾಸ್ಯೆ ನವೆಂಬರ್ 1, ಇವೂ ಶುಕ್ರವಾರಗಳೇ. ಐದರ ಹಿಂದಿನ ದಿನವೂ ಗುರುವಾರ. ಅಂದರೆ ಆ ಸರಾಸರಿಯಲ್ಲಿ ಗುರುವಾರದ ಪಾಲು ಎಷ್ಟು, ಆ ವರ್ಷದ ಪಂಚಾಂಗದ ಪಾಲು ಎಷ್ಟು ಅಂತ ಹೇಳಲಾಗದು. ಅದಕ್ಕೆ ಮಧ್ಯಾಂಕ ತೆಗೆದೆ. ಅಂದರೆ ಎಲ್ಲ ಗುರುವಾರಗಳನ್ನೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಅಂಕಿ. ಹಬ್ಬ ಎಷ್ಟೇ ದೊಡ್ಡದಾಗಿದ್ದರೂ ಅದನ್ನು ಹೆಚ್ಚು ಅಲ್ಲಾಡಿಸಲಾರದು.

```
=MEDIAN(B5:BB5)
```

ಗುರುವಾರ 6,800 ಬಂತು, ಬುಧವಾರ 4,200. ಹಬ್ಬ ಕಳೆದರೂ ಗುರುವಾರ ಗುರುವಾರವೇ. ಈಗ ಕಾಯಿ ಲೋಡು ಗುರುವಾರ ಮಧ್ಯಾಹ್ನದೊಳಗೆ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ಏಳು ಮಧ್ಯಾಂಕ ತೆಗೆದು ಏಳು ಕಂಬಗಳ ಚಿತ್ರ ಬರೆದರೆ ಸಾಕಿತ್ತು, ಇಷ್ಟು ದೊಡ್ಡ ಹಾಳೆ ಯಾಕೆ ಬೇಕು? ಶನಿವಾರದ ಸಾಲು ಅದಕ್ಕೆ ಉತ್ತರ. ಅದರ ಮಧ್ಯಾಂಕ 4,400, ಬುಧವಾರಕ್ಕಿಂತ ಹೆಚ್ಚೇನಿಲ್ಲ. ಸಾಲು ನೋಡಿದರೆ ವರ್ಷವೆಲ್ಲ ತೆಳು, ಒಂದು ಕಡೆ ಮಾತ್ರ ಒಟ್ಟೊಟ್ಟಿಗೆ ನಾಲ್ಕು ಗಾಢ ಮನೆ. ಆಗಸ್ಟ್ 10, 17, 24, 31. ಶ್ರಾವಣ ಶನಿವಾರಗಳು. ನಾಲ್ಕೂ 9,000 ದಾಟಿದ್ದವು. ದೇವರಾಯನದುರ್ಗಕ್ಕೆ ಹೋಗುವವರು, ಆಂಜನೇಯನ ಗುಡಿಗೆ ಹೋಗುವವರು ದಾರಿಯಲ್ಲೇ ನಿಂತು ಕಾಯಿ, ಕರ್ಪೂರ ಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಹಿಂದಿನ ಸಂಜೆಗೆ ಜಾರದೆ ವ್ಯಾಪಾರ ಅದೇ ದಿನ ಬಿದ್ದಿತ್ತು. ಸೋಮವಾರದ ಸಾಲಿನಲ್ಲೂ ಇಂಥದ್ದೇ ಒಂದು ತುಂಡು, ನವೆಂಬರ್ 4ರಿಂದ 25ರವರೆಗೆ. ಕಾರ್ತೀಕ ಸೋಮವಾರಗಳು, ದೀಪದ ಎಣ್ಣೆ ಮತ್ತು ಬತ್ತಿಯ ವ್ಯಾಪಾರ. ವರ್ಷದ ಒಟ್ಟು ಅಂಕಿಯಲ್ಲಿ ಶನಿವಾರ ಸಪ್ಪೆ ದಿನ. ಅದನ್ನು ನಂಬಿ ಆಗಸ್ಟ್ ಶನಿವಾರ ಸಾಮಾನು ಕಡಿಮೆ ತರಿಸಿದ್ದರೆ ಬಂದವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ನಾಲ್ಕು ಮನೆ ನೋಡಿ ಇದು ನಿಯಮ ಅನ್ನಲು ಧೈರ್ಯ ಸಾಲಲಿಲ್ಲ. 2023ರ ಪುಸ್ತಕವನ್ನೂ ಏರಿಸಿದೆ. ಅಲ್ಲಿ ಆಗಸ್ಟ್ ಮೊದಲರ್ಧದ ಶನಿವಾರಗಳು ತೆಳುವಾಗಿದ್ದವು. ಗಾಢವಾಗಿದ್ದದ್ದು ಆಗಸ್ಟ್ 19ರಿಂದ ಸೆಪ್ಟೆಂಬರ್ 9ರವರೆಗಿನ ನಾಲ್ಕು. ಆ ವರ್ಷ ಅಧಿಕ ಶ್ರಾವಣ ಬಂದು, ನಿಜ ಶ್ರಾವಣ ಆಗಸ್ಟ್ 17ಕ್ಕೆ ಶುರುವಾಗಿತ್ತು. ಎರಡು ವರ್ಷವನ್ನು ತಾರೀಖಿನ ಮೇಲೆ ತಾರೀಖು ಇಟ್ಟು ಸರಾಸರಿ ತೆಗೆದಿದ್ದರೆ ಎರಡೂ ತುಂಡುಗಳು ಒಂದನ್ನೊಂದು ಮಸುಕು ಮಾಡುತ್ತಿದ್ದವು. ಅದಕ್ಕೆ ಹಾಳೆಯ ತಳದಲ್ಲಿ, 9ನೇ ಸಾಲಿನಲ್ಲಿ ಆಯಾ ವಾರದ ಮಾಸದ ಹೆಸರು ಬರೆದುಕೊಂಡೆ. ವರ್ಷ ವರ್ಷ ಹೋಲಿಸುವಾಗ ಮಾಸದಿಂದ ಮಾಸಕ್ಕೆ ಹೋಲಿಸುತ್ತೇನೆ. 2025ರಲ್ಲಿ ಶ್ರಾವಣ ಜುಲೈ 25ಕ್ಕೇ ಶುರು, ಹಾಗಾಗಿ ಶನಿವಾರದ ಸಾಮಾನು ಜುಲೈ ಕೊನೆಗೇ ಬಂದಿತ್ತು.

ಇನ್ನೊಂದು ಆಕಾರ ನನಗೆ ಬಹಳ ಇಷ್ಟವಾದದ್ದು. ಅಲ್ಲಲ್ಲಿ ಒಂಟಿ ಗಾಢ ಮನೆಗಳಿದ್ದವು, ಯಾವ ಸಾಲಿಗೂ ಸೇರದವು. ಏಪ್ರಿಲ್ 8 ಸೋಮವಾರ, ಜೂನ್ 6 ಗುರುವಾರ, ಜುಲೈ 5 ಶುಕ್ರವಾರ, ಆಗಸ್ಟ್ 4 ಭಾನುವಾರ. ಬೆರಳಿಟ್ಟು ಜೋಡಿಸಿದರೆ ಎಡದಿಂದ ಬಲಕ್ಕೆ ಓರೆಯಾಗಿ ಕೆಳಗಿಳಿಯುವ ಗೆರೆ. ಎಲ್ಲವೂ ಅಮಾವಾಸ್ಯೆಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಅಂದರೆ ನಾಲ್ಕು ವಾರದ ಮೇಲೆ ಒಂದೂವರೆ ದಿನ. ಹಾಗಾಗಿ ನಾಲ್ಕು ಕಂಬ ಮುಂದೆ ಹೋದಾಗ ಒಂದೋ ಎರಡೋ ಸಾಲು ಕೆಳಗೆ ಇಳಿದಿರುತ್ತದೆ. ತಳ ಮುಟ್ಟಿದ ಮೇಲೆ ಮತ್ತೆ ಮೇಲಿನ ಸಾಲಿನಿಂದ ಶುರು. ಇಂಥ ಓರೆ ಗೆರೆ ಕಂಡರೆ ಅದನ್ನು ಯಾವ ವಾರದ ಲೆಕ್ಕಕ್ಕೂ ಸೇರಿಸಬೇಡಿ, ಅದು ಚಂದ್ರನ ಲೆಕ್ಕ. ತಿಂಗಳ ಸಂಬಳದಿಂದ ಏರುವ ವ್ಯಾಪಾರವೂ ಹೀಗೇ ಸಾಲು ಬದಲಿಸುತ್ತದೆ. ಆದರೆ ಅದು ಪ್ರತಿ ತಿಂಗಳೂ ಅದೇ ತಾರೀಖಿನ ಆಸುಪಾಸಿನಲ್ಲಿರುತ್ತದೆ. ತಾರೀಖು ತಿಂಗಳಿಂದ ತಿಂಗಳಿಗೆ ಹಿಂದಕ್ಕೆ ಸರಿಯುತ್ತಿದ್ದರೆ ಪಂಚಾಂಗ ತೆಗೆಯಿರಿ.

ಹಾಳೆ ಹೇಳದ ಒಂದು ವಿಷಯವಿದೆ. ಅದಕ್ಕೆ ಗೊತ್ತಿರುವುದು ನಾವು ಮಾರಿದ್ದು ಮಾತ್ರ, ಜನ ಕೇಳಿದ್ದು ಗೊತ್ತಿಲ್ಲ. ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ, ನಮ್ಮಲ್ಲಿ ತೆಳು ಬಣ್ಣ. ಆ ದಿನ ಬೂದುಗುಂಬಳ ಬೆಳಗ್ಗೆಯೇ ಮುಗಿದು, ಹತ್ತು ಗಂಟೆ ಮೇಲೆ ಬಂದವರನ್ನೆಲ್ಲ ಬರಿಗೈಲಿ ಕಳಿಸಿದ್ದೆವು. ಬಣ್ಣ ಮಾತ್ರ ನೋಡಿದರೆ ಆ ಅಮಾವಾಸ್ಯೆಗೆ ಜನವೇ ಬರಲಿಲ್ಲ ಅನಿಸುತ್ತದೆ. ಈಗ `Data` ಹಾಳೆಯ `C` ಕಂಬದಲ್ಲಿ ಯಾವ ಸಾಮಾನು ಎಷ್ಟು ಗಂಟೆಗೆ ಖಾಲಿಯಾಯಿತು ಅಂತ ರಾತ್ರಿ ಗಲ್ಲಾ ಎಣಿಸುವಾಗಲೇ ಬರೆಯುತ್ತೇವೆ. ಅಂಥ ದಿನದ ಮನೆಗೆ ಕೈಯಲ್ಲೇ ದಪ್ಪ ಅಂಚು ಹಾಕುತ್ತೇನೆ. ಮಧ್ಯಾಂಕ ತೆಗೆಯುವಾಗ ಆ ಮನೆಗಳನ್ನು ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ನೋಡುತ್ತೇನೆ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಮುಂದಿನ ಬಾರಿ ಆ ಸಾಮಾನನ್ನು ಮೊದಲೇ ಜಾಸ್ತಿ ಹೇಳಿಡುತ್ತೇವೆ.